ಪದಚರ್ಚೆ: ‘ಫಾಲ್ಸ್ ಪಾಸಿಟಿವ್’ಗೆ ಕನ್ನಡ ಬೇಕು, ಭಿತ್ತಿಪತ್ರ ನಾಳೆ ಅಚ್ಚಿಗೆ

ಮಡಿಕೇರಿಯಿಂದ:
ಗರ್ಭಿಣಿಯರ ತಪಾಸಣೆಯ ಕೊಠಡಿಗೆ ಭಿತ್ತಿಪತ್ರ ಸಿದ್ಧಪಡಿಸುತ್ತಿದ್ದೇನೆ. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ಗಾಗಿ ಮಾಡುವ ವಿಡಿಆರ್‌ಎಲ್ ರಕ್ತಪರೀಕ್ಷೆ ಕೆಲವೊಮ್ಮೆ ರೋಗವಿಲ್ಲದವರಲ್ಲೂ ಪಾಸಿಟಿವ್ ತೋರಿಸುತ್ತದೆ. ಇದಕ್ಕೆ ‘ಹುಸಿ ಧನಾತ್ಮಕ’ ಎನ್ನಬಹುದೇ? ಸಂಜೆಯೊಳಗೆ ತಿಳಿಸಿದರೆ ಉಪಕಾರ.

ಸೋಮವಾರಪೇಟೆಯಿಂದ:
‘ಧನಾತ್ಮಕ’ವನ್ನು ಕಿತ್ತುಹಾಕಿ. ‘ಹುಸಿ’ ಅಚ್ಚಗನ್ನಡ, ಅದರ ಬಾಲಕ್ಕೆ ಸಂಸ್ಕೃತವೇಕೆ? ‘ಹುಸಿಸುಳಿವು’ ಎನ್ನಿ.

ಗೋಣಿಕೊಪ್ಪದಿಂದ:
ನನ್ನ ತಂಗಿ ಬಸುರಿಯಾಗಿದ್ದಾಗ ಇದೇ ಪರೀಕ್ಷೆ ಪಾಸಿಟಿವ್ ಬಂದಿತ್ತು. ಖಚಿತಪಡಿಸುವ ಟಿಪಿಎಚ್‌ಎ ಪರೀಕ್ಷೆ ಮಾಡಿಸಿದ ಮೇಲೆ ಏನೂ ಇಲ್ಲವೆಂದು ತಿಳಿಯಿತು. ಅಷ್ಟರಲ್ಲಿ ಮನೆಯಲ್ಲಿ ಆಡಬಾರದ ಮಾತುಗಳನ್ನೆಲ್ಲ ಆಡಿ ಆಗಿತ್ತು. ‘ಹುಸಿ’ ಎಂದರೆ ಯಾರೋ ಸುಳ್ಳು ಹೇಳಿದರೆಂಬ ಅರ್ಥ ಬರುತ್ತದೆ. ಆ ಪದ ಬೇಡ.

ಕುಶಾಲನಗರದಿಂದ:
ಪರೀಕ್ಷೆ ನೂರಕ್ಕೆ 98 ಸರಿಯಿದ್ದರೆ ‘ಪಾಸಿಟಿವ್ ಬಂದವರಲ್ಲಿ ನೂರಕ್ಕೆ 98 ಮಂದಿಗೆ ರೋಗವಿದೆ’ ಎಂದೇ ಬರೆಯಿರಿ. ಅನುಮಾನವಿದ್ದವರು ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಲಿ.

ವಿರಾಜಪೇಟೆಯಿಂದ:
ಕುಶಾಲನಗರದವರು ವಾಕ್ಯವನ್ನು ತಿರುಗುಮುರುಗು ಮಾಡಿದ್ದಾರೆ. ‘ರೋಗವಿಲ್ಲದವರಲ್ಲಿ ಎಷ್ಟು ಮಂದಿಗೆ ಪಾಸಿಟಿವ್’ ಎಂಬುದು ಒಂದು ಪ್ರಶ್ನೆ, ‘ಪಾಸಿಟಿವ್ ಬಂದವರಲ್ಲಿ ಎಷ್ಟು ಮಂದಿಗೆ ರೋಗ’ ಎಂಬುದು ಬೇರೆಯೇ ಪ್ರಶ್ನೆ. ‘ಅಲ್ಲಿ’ ಎಂಬ ವಿಭಕ್ತಿ ಯಾರ ಮೇಲೆ ಕೂತಿದೆಯೋ ಅವರನ್ನೇ ಎಣಿಸಬೇಕು.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: 1000 ಗರ್ಭಿಣಿಯರು, 5 ಮಂದಿಗೆ ರೋಗ, ಆ ಐವರೂ ಸಿಕ್ಕಿಬೀಳುತ್ತಾರೆ. ಉಳಿದ 995 ಮಂದಿಯಲ್ಲಿ ನೂರಕ್ಕೆ ಇಬ್ಬರಂತೆ ಸುಮಾರು 20 ಮಂದಿಗೆ ತಪ್ಪಾಗಿ ಪಾಸಿಟಿವ್. ಒಟ್ಟು 25 ಪಾಸಿಟಿವ್, ನಿಜವಾದದ್ದು 5. ಪರೀಕ್ಷೆಗೆ ಮೊದಲು 200ರಲ್ಲಿ ಒಬ್ಬರಿಗೆ ಇದ್ದ ಶಂಕೆ ಈಗ ಐವರಲ್ಲಿ ಒಬ್ಬರಿಗೆ ಏರಿತು. ದೊಡ್ಡ ಏರಿಕೆಯೇ, ಆದರೂ ಪಾಸಿಟಿವ್ ಬಂದ ಐವರಲ್ಲಿ ನಾಲ್ವರಿಗೆ ರೋಗವಿಲ್ಲ. ರೋಗ ಇನ್ನೂ ವಿರಳವಾಗಿದ್ದರೆ ಪಾಸಿಟಿವ್ ಬಂದವರಲ್ಲಿ ರೋಗವಿರುವವರ ಪ್ರಮಾಣ ಮತ್ತೂ ಕುಸಿಯುತ್ತದೆ.

ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ ಪ್ರಯೋಜನ ಕಡಿಮೆ. ವಿಡಿಆರ್‌ಎಲ್ ಹುಡುಕುವುದು ರೋಗಾಣುವನ್ನಲ್ಲ, ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಗರ್ಭ, ಮಲೇರಿಯಾ, ಲೂಪಸ್ ಇವುಗಳಿಂದಲೂ ಅದು ಹುಟ್ಟಬಹುದು. ಕಾರಣ ದೇಹದಲ್ಲೇ ಇದ್ದರೆ ಎರಡನೆಯ ಸಲವೂ ಅದೇ ತಪ್ಪು ಬರುತ್ತದೆ. ಟಿಪಿಎಚ್‌ಎ ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನೇ ನೋಡುವುದರಿಂದ ಅದರ ಉತ್ತರಕ್ಕೆ ತೂಕ ಹೆಚ್ಚು. ಹಿಂದೆಂದೋ ಚಿಕಿತ್ಸೆ ಪಡೆದವರಲ್ಲೂ ಅದು ಪಾಸಿಟಿವ್ ಉಳಿಯಬಹುದು, ಆದ್ದರಿಂದ ವೈದ್ಯರೇ ಎರಡನ್ನೂ ಕೂಡಿಸಿ ಓದಬೇಕು. ‘ಹೆದರಬೇಕಿಲ್ಲ’ ಎಂದು ಮಾತ್ರ ಬರೆಯಬೇಡಿ. ನಿಜವಾಗಿ ರೋಗವಿರುವ ಆ ಐವರ ಮಕ್ಕಳಿಗೆ ಅಪಾಯವಿದೆ.

ಸೋಮವಾರಪೇಟೆಯಿಂದ:
ಲೆಕ್ಕ ಸರಿ. ಆದರೆ ‘ಪಾಸಿಟಿವ್’ ಉಳಿದೇ ಹೋಯಿತು. ಹೀಗೆ ಒಂದೊಂದೇ ಪದ ಬಿಟ್ಟುಕೊಟ್ಟರೆ ನಾಳೆ ಆಸ್ಪತ್ರೆಯ ಗೋಡೆಯಲ್ಲಿ ಕನ್ನಡದ ವಿಭಕ್ತಿ ಮಾತ್ರ ಉಳಿದೀತು.

ಗೋಣಿಕೊಪ್ಪದಿಂದ:
ಪ್ರಯೋಗಾಲಯದ ಚೀಟಿಯಲ್ಲಿ ಇರುವುದೇ ‘ಪಾಸಿಟಿವ್’. ಕೈಯಲ್ಲಿ ಚೀಟಿ ಹಿಡಿದವರು ಗೋಡೆಯಲ್ಲಿ ‘ಸುಳಿವು’ ಹುಡುಕಬೇಕೇ?

ಮಡಿಕೇರಿಯಿಂದ:
ಹೀಗೆ ಬರೆಯುತ್ತೇನೆ: ‘ಈ ಮೊದಲ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಹಲವರಿಗೆ ರೋಗ ಇರುವುದಿಲ್ಲ. ಖಚಿತಪಡಿಸುವ ಪರೀಕ್ಷೆಯನ್ನು ತಡಮಾಡದೆ ಮಾಡಿಸಿಕೊಳ್ಳಿ.’ ಸಂಖ್ಯೆ ಹಾಕುವುದಿಲ್ಲ, ನಮ್ಮ ತಾಲ್ಲೂಕಿನ ಪ್ರಮಾಣ ನನ್ನ ಕೈಯಲ್ಲಿಲ್ಲ.

ಸೋಮವಾರಪೇಟೆಯಿಂದ:
‘ಖಚಿತ’ವೂ ಸಂಸ್ಕೃತ. ‘ದಿಟಪಡಿಸುವ’ ಎನ್ನಿ.