ಹಿಮೋಗ್ಲೋಬಿನ್ ನಾರ್ಮಲ್ ಆಯ್ತು, ಕಬ್ಬಿಣದ ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ಮೇಡಂ, ನನಗೆ 34 ವರ್ಷ, ತೂಕ 52 ಕೆಜಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ಮೂರು ತಿಂಗಳ ಹಿಂದೆ ಹಿಮೋಗ್ಲೋಬಿನ್ 8.6, ಫೆರಿಟಿನ್ 5 ಇತ್ತು. ದಿನಕ್ಕೊಂದು ಕಬ್ಬಿಣದ ಮಾತ್ರೆ ಕೊಟ್ಟರು, ಅದರಲ್ಲಿ 60 ಮಿ.ಗ್ರಾಂ ಕಬ್ಬಿಣ ಇದೆ. ಮೊದಲ ತಿಂಗಳು ಬೆಳಗಿನ ಟೀ ಜೊತೆಗೇ ನುಂಗುತ್ತಿದ್ದೆ. ತಿಂಗಳ ಕೊನೆಗೆ ಬರೀ 8.9. ಟೀ ಬಿಟ್ಟು ನೀರಿನ ಜೊತೆ ತಗೊಂಡ ಮೇಲೆ ಎರಡು ತಿಂಗಳಲ್ಲಿ 12.4 ಆಗಿದೆ. ಈಗ ಮಾತ್ರೆ ನಿಲ್ಲಿಸಬಹುದಾ? ವಿಟಮಿನ್ ಸಿ ಸೇರಿಸಬೇಕಾ? ಮಲ ಕಪ್ಪಗೆ ಹೋಗುತ್ತಿದೆ, ಅದೂ ಸ್ವಲ್ಪ ಭಯ.

ವೈದ್ಯೆ: ಈಗಲೇ ನಿಲ್ಲಿಸಬೇಡಿ. ಇನ್ನೂ ಸುಮಾರು ಮೂರು ತಿಂಗಳು ಬೇಕು. ಸುಮ್ನೆ ರೂಢಿಗೆ ಹೇಳುವ ಮಾತಲ್ಲ ಇದು, ನಿಮ್ಮದೇ ಅಂಕಿಗಳಲ್ಲಿ ಲೆಕ್ಕ ಹಾಕಿ ನೋಡೋಣ.

52 ಕೆಜಿ ತೂಕದ ಹೆಂಗಸಿನ ಮೈಯಲ್ಲಿ ಹತ್ತಿರ ಹತ್ತಿರ 3.4 ಲೀಟರ್ ರಕ್ತ ಇರುತ್ತದೆ. 8.6ರಿಂದ 12.4ಕ್ಕೆ ಏರಿದೆ ಅಂದರೆ ಪ್ರತಿ 100 ಮಿ.ಲೀ. ರಕ್ತಕ್ಕೆ 3.8 ಗ್ರಾಂ, ಅಂದರೆ ಲೀಟರಿಗೆ 38 ಗ್ರಾಂ ಹಿಮೋಗ್ಲೋಬಿನ್ ಹೊಸದಾಗಿ ಸೇರಿದೆ. ಒಟ್ಟು ಸುಮಾರು 130 ಗ್ರಾಂ. ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ 3.4 ಮಿ.ಗ್ರಾಂ ಕಬ್ಬಿಣ ಬೇಕು. ಅಲ್ಲಿಗೆ 440 ಮಿ.ಗ್ರಾಂ ಆಯಿತು. ಇದರ ಮೇಲೆ ಮುಟ್ಟಿನಲ್ಲಿ ಕಳೆದುಹೋಗಿದ್ದನ್ನೂ ತುಂಬಬೇಕು. ಒಂದು ಸಲಕ್ಕೆ 80 ಮಿ.ಲೀ. ರಕ್ತ ಹೋದರೆ ಸುಮಾರು 30 ಮಿ.ಗ್ರಾಂ ಕಬ್ಬಿಣ ಹೋದಂತೆ.

ಅಂದರೆ ಇಷ್ಟು ದಿನ ನಿಮ್ಮ ಕರುಳು ಹೀರಿಕೊಂಡ ಕಬ್ಬಿಣ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೇ ಖರ್ಚಾಗಿದೆ. ಮೈ ಮೊದಲು ರಕ್ತದ ಅಗತ್ಯ ನೋಡಿಕೊಳ್ಳುತ್ತದೆ. ಯಕೃತ್ತು, ಮೂಳೆಮಜ್ಜೆಗಳಲ್ಲಿ ಇರಬೇಕಾದ ದಾಸ್ತಾನಿಗೆ ಉಳಿದದ್ದು ಹೋಗುತ್ತದೆ. ಆ ದಾಸ್ತಾನಿಗೆ ಇನ್ನೂ 300 ಮಿ.ಗ್ರಾಂ ಆದರೂ ಬೇಕು. ದಾಸ್ತಾನು ಎಷ್ಟಿದೆ ಅಂತ ತೋರಿಸುವುದೇ ಫೆರಿಟಿನ್, ಈಗ ಅದನ್ನು ನೋಡಿದರೆ ಪಾತಾಳದಲ್ಲೇ ಇರುವ ಸಾಧ್ಯತೆ ಜಾಸ್ತಿ.

ಜೊತೆಗೆ ಇನ್ನೊಂದು ತೊಡಕು. ರಕ್ತ ಕಡಿಮೆ ಇದ್ದಾಗ ಕರುಳು ಕಬ್ಬಿಣವನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ನಿಮ್ಮ ವಿಷಯದಲ್ಲಿ ದಿನಕ್ಕೆ 8 ಮಿ.ಗ್ರಾಂ ಆಸುಪಾಸು ಒಳಗೆ ಹೋಗಿರಬೇಕು. ರಕ್ತ ಸರಿಯಾಗುತ್ತಾ ಬಂದ ಹಾಗೆ ಅದು 4–5ಕ್ಕೆ ಇಳಿಯಬಹುದು. ಅದಕ್ಕೇ ದಾಸ್ತಾನು ತುಂಬುವ ಕೆಲಸ ನಿಧಾನ. ಈಗ ಬಿಟ್ಟರೆ ನಾಲ್ಕೈದು ಮುಟ್ಟಿನಲ್ಲೇ ಹಿಮೋಗ್ಲೋಬಿನ್ ಮತ್ತೆ ಇಳಿಯಲು ಶುರುವಾಗುತ್ತದೆ. ಆಮೇಲೆ "ಮಾತ್ರೆ ಕೆಲಸ ಮಾಡಲಿಲ್ಲ" ಅಂತ ಬರುತ್ತಾರೆ.

ಟೀ ವಿಷಯಕ್ಕೆ ಉತ್ತರ ನಿಮ್ಮ ರಿಪೋರ್ಟಿನಲ್ಲೇ ಇದೆ. ಮಾತ್ರೆ ಸರಿಯಾಗಿ ಹಿಡಿದರೆ ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದೂವರೆ, ಎರಡು ಏರಬೇಕು. ನಿಮಗೆ ಏರಿದ್ದು 0.3. ಟೀಯಲ್ಲಿ ಇರುವ ಒಗರಿನ ಅಂಶಗಳು ಹೊಟ್ಟೆಯಲ್ಲೇ ಕಬ್ಬಿಣವನ್ನು ಹಿಡಿದುಕೊಳ್ಳುತ್ತವೆ, ಕರುಳು ಅದನ್ನು ಹೀರಿಕೊಳ್ಳಲು ಆಗುವುದಿಲ್ಲ. ಹಾಲು ಹಾಕಿದರೂ, ಹಾಕದಿದ್ದರೂ ಟೀ ಟೀನೇ. ಕಾಫಿಗೂ ಇದೇ ಮಾತು, ಪ್ರಮಾಣ ಸ್ವಲ್ಪ ಕಡಿಮೆ ಅಷ್ಟೆ.

ಒಬ್ಬ ಸದಸ್ಯರು: ಅಕ್ಕ, ನನ್ನ ಅನುಭವ ಹೇಳ್ತೀನಿ. ಟೀ ಪೂರ್ತಿ ಬಿಡಲೇಬೇಕು. ದಿನಕ್ಕೆ ಒಂದು ಸಲ ಕುಡಿದರೂ ಮಾತ್ರೆ ದಂಡ. ಮತ್ತೆ 500 ಮಿ.ಗ್ರಾಂ ವಿಟಮಿನ್ ಸಿ ಮಾತ್ರೆ ಇಲ್ಲದೆ ಕಬ್ಬಿಣ ಹಿಡಿಯೋದೇ ಇಲ್ಲ. ನನಗೆ ಹಾಗೇ ವಾಸಿಯಾಗಿದ್ದು.

ವೈದ್ಯೆ: ಅರ್ಧ ಒಪ್ಪುತ್ತೇನೆ. ಟೀ ತಡೆಯುವುದು ಅದೇ ಹೊತ್ತಿಗೆ ಹೊಟ್ಟೆಯಲ್ಲಿರುವ ಕಬ್ಬಿಣವನ್ನು. ಬೆಳಿಗ್ಗೆ ಆರಕ್ಕೆ ಮಾತ್ರೆ ನುಂಗಿ ಎಂಟಕ್ಕೆ ಟೀ ಕುಡಿದರೆ ಏನೂ ಆಗುವುದಿಲ್ಲ. ಟೀ ಮೊದಲು ಕುಡಿದಿದ್ದರೆ ಮಾತ್ರೆಗೆ ಎರಡು ಗಂಟೆ ಕಾಯಿರಿ. ಟೀ ಪೂರ್ತಿ ಬಿಡಿ ಅಂದರೆ ಜನ ಟೀ ಬಿಡುವುದಿಲ್ಲ, ಮಾತ್ರೆ ಬಿಡುತ್ತಾರೆ. ಊಟದ ಜೊತೆಗೇ ಕುಡಿಯುವುದನ್ನು ತಪ್ಪಿಸಿದರೆ ಊಟದ ಕಬ್ಬಿಣಕ್ಕೂ ಒಳ್ಳೆಯದು.

ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ಸಹಾಯ ಮಾಡುವುದು ನಿಜ. ಆದರೆ ಅದರ ದೊಡ್ಡ ಲಾಭ ಸಿಗುವುದು ಕಾಳು, ಸೊಪ್ಪಿನಲ್ಲಿರುವ ಕಬ್ಬಿಣಕ್ಕೆ. ಫೆರಸ್ ಸಲ್ಫೇಟ್, ಫೆರಸ್ ಫ್ಯೂಮರೇಟ್ ಮಾತ್ರೆಗಳಲ್ಲಿ ಕಬ್ಬಿಣ ಮೊದಲೇ ಕರುಳಿಗೆ ಒಗ್ಗುವ ರೂಪದಲ್ಲಿ ಇರುತ್ತದೆ. 2020ರಲ್ಲಿ ಚೀನಾದ ಒಂದು ಅಧ್ಯಯನ ಪ್ರಕಟವಾಯಿತು. 440 ಜನರಲ್ಲಿ ಅರ್ಧ ಜನಕ್ಕೆ ಬರೀ ಕಬ್ಬಿಣ, ಇನ್ನರ್ಧಕ್ಕೆ ಕಬ್ಬಿಣದ ಜೊತೆ ವಿಟಮಿನ್ ಸಿ ಕೊಟ್ಟು ನೋಡಿದರು. ಹಿಮೋಗ್ಲೋಬಿನ್ ಏರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನಿಂಬೆ ನೀರಿನ ಜೊತೆ ನುಂಗುತ್ತೀರಾ, ನುಂಗಿ. ಬೇರೆ ಮಾತ್ರೆ ಕೊಂಡು ತಿನ್ನುವ ಅಗತ್ಯ ನನಗಂತೂ ಕಾಣುವುದಿಲ್ಲ. ವಿಟಮಿನ್ ಸಿ ಸೇರಿಸಿದ್ದೇನೆ ಅಂತ ಧೈರ್ಯವಾಗಿ ಟೀ ಜೊತೆ ನುಂಗುವವರೂ ಇದ್ದಾರೆ, ಅದು ಬೇಡ.

ಫಾರ್ಮಸಿಸ್ಟ್: ಮೇಡಂ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಟೀ ಒಂದೇ ಅಲ್ಲ. ಕ್ಯಾಲ್ಸಿಯಂ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್ ಕೂಡ ಹೀಗೇ ತಡೆಯುತ್ತವೆ, ಇವಕ್ಕೂ ಎರಡು ಗಂಟೆ ಅಂತರ ಬೇಕು. ಥೈರಾಯ್ಡ್ ಮಾತ್ರೆಯಲ್ಲಿ ಕಥೆ ಉಲ್ಟಾ, ಕಬ್ಬಿಣವೇ ಅದನ್ನು ಹಿಡಿದು ಹಾಕುತ್ತದೆ. ಬೆಳಿಗ್ಗೆ ಎರಡನ್ನೂ ಒಟ್ಟಿಗೆ ನುಂಗುವವರು ತುಂಬಾ ಜನ. ನಾಲ್ಕು ಗಂಟೆ ಬಿಡಿ.

ಇನ್ನೊಂದು, ಲೇಬಲ್ ಓದುವುದು. ಫೆರಸ್ ಸಲ್ಫೇಟ್ 200 ಮಿ.ಗ್ರಾಂ ಅಂತ ಇದ್ದರೆ ಅದರಲ್ಲಿ ನಿಜವಾದ ಕಬ್ಬಿಣ ಸುಮಾರು 65. ಗ್ಲುಕೊನೇಟ್ 300 ಅಂತ ಇದ್ದರೆ ಬರೀ 35. ದೊಡ್ಡ ಅಂಕಿ ನೋಡಿ ಮಾತ್ರೆ ಬದಲಿಸಿಕೊಂಡು ಅರ್ಧ ಕಬ್ಬಿಣ ತಿನ್ನುವವರಿದ್ದಾರೆ. ಮತ್ತೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಮಾತ್ರೆಗಳನ್ನು ಬೀಗ ಹಾಕಿ ಇಡಿ. ಮಿಠಾಯಿ ಅಂದುಕೊಂಡು ಒಂದಷ್ಟು ನುಂಗಿದರೆ ಮಗುವಿನ ಜೀವಕ್ಕೇ ಅಪಾಯ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಮೇಡಂ, ಕಪ್ಪು ಮಲದ ಬಗ್ಗೆ ಹೇಳಲಿಲ್ಲ. ಮಾತ್ರೆ ಪೂರ್ತಿ ಹಾಗೇ ಹೊರಗೆ ಹೋಗುತ್ತಿದೆ ಅಂತನಾ?

ವೈದ್ಯೆ: ಪೂರ್ತಿ ಅಲ್ಲ, ಬಹುಪಾಲು ಹೌದು. 60ರಲ್ಲಿ 8 ಒಳಗೆ ಹೋದರೆ 52 ಹೊರಗೆ ಹೋಗಲೇಬೇಕಲ್ವಾ? ಆ ಕಬ್ಬಿಣ ಕರುಳಿನಲ್ಲಿ ಗಂಧಕದ ಅಂಶದ ಜೊತೆ ಸೇರಿ ಕಪ್ಪಾಗುತ್ತದೆ. ಕೆಲವರಿಗೆ ಕಡು ಹಸಿರು ಛಾಯೆ ಇರುತ್ತದೆ. ಮಾತ್ರೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಬಣ್ಣ ಮಾಮೂಲಿಗೆ ಬರುತ್ತದೆ. ಕಪ್ಪಾಗಿದ್ದರಿಂದ ಮಾತ್ರೆ ಹಿಡಿದಿಲ್ಲ ಅಂತಲೂ ಅಲ್ಲ, ಚೆನ್ನಾಗಿ ಹಿಡಿದಿದೆ ಅಂತಲೂ ಅಲ್ಲ. ಟೀ ಜೊತೆ ನುಂಗುತ್ತಿದ್ದಾಗಲೂ ಕಪ್ಪಗೇ ಇತ್ತು ಅಲ್ವಾ?

ಪ್ರಶ್ನೆ ಕೇಳಿದವರು: ಹೌದು, ಆಗಲೂ ಹಾಗೇ ಇತ್ತು.

ಮತ್ತೊಬ್ಬ ಸದಸ್ಯರು: ಓದಿ ಸಮಾಧಾನ ಆಯ್ತು ಮೇಡಂ. ನಮ್ಮ ತಂದೆಗೆ 63. ಹಿಮೋಗ್ಲೋಬಿನ್ 9 ಇದೆ. ಮಂಡಿ ನೋವಿಗೆ ತಿಂಗಳುಗಟ್ಟಲೆ ನೋವಿನ ಮಾತ್ರೆ ತಗೊಳ್ತಾರೆ. ಎರಡು ವಾರದಿಂದ ನಾವೇ ಕಬ್ಬಿಣದ ಮಾತ್ರೆ ತಂದುಕೊಟ್ಟಿದ್ದೀವಿ. ಅವರಿಗೂ ಮಲ ಕಪ್ಪು. ಹಾಗಾದ್ರೆ ಅದು ಕಬ್ಬಿಣದ್ದೇ, ಬಿಡಿ.

ವೈದ್ಯೆ: ಬಿಡಬೇಡಿ, ನಿಮ್ಮ ತಂದೆಯ ವಿಷಯ ಬೇರೆ. ಕಬ್ಬಿಣದ ಮಾತ್ರೆ ಶುರು ಮಾಡುವ ಮೊದಲೇ ಮಲ ಕಪ್ಪಗಿತ್ತಾ, ಕೇಳಿ ನೋಡಿ. ಕಬ್ಬಿಣದಿಂದ ಕಪ್ಪಾದ ಮಲ ಮಾಮೂಲಿ ಹದದಲ್ಲೇ ಇರುತ್ತದೆ, ಕೆಲವರಿಗೆ ಗಟ್ಟಿಯಾಗುತ್ತದೆ. ಹೊಟ್ಟೆಯೊಳಗೆ ರಕ್ತ ಸೋರಿ ಕಪ್ಪಾದರೆ ಡಾಂಬರಿನ ಹಾಗೆ ಅಂಟಂಟು, ಹೊಳಪು, ಮತ್ತು ಕೆಟ್ಟ ವಾಸನೆ. ನೀರು ಹಾಕಿದರೂ ಬೇಗ ಹೋಗುವುದಿಲ್ಲ. ಹಾಗಿದ್ದರೆ, ಅಥವಾ ತಲೆಸುತ್ತು, ಎದೆಬಡಿತ, ಸುಸ್ತು ಹೆಚ್ಚಿದ್ದರೆ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅದ್ಯಾವುದೂ ಇಲ್ಲದಿದ್ದರೂ ಈ ವಾರದಲ್ಲಿ ಡಾಕ್ಟರಿಗೆ ತೋರಿಸಲೇಬೇಕು. ನೋವಿನ ಮಾತ್ರೆಗಳು ಜಠರದಲ್ಲಿ ಹುಣ್ಣು ಮಾಡುತ್ತವೆ. ಗಂಡಸಿಗೆ, ಅದೂ ಈ ವಯಸ್ಸಿನಲ್ಲಿ, ಕಬ್ಬಿಣ ಕಡಿಮೆಯಾದರೆ ರಕ್ತ ಎಲ್ಲಿ ಸೋರುತ್ತಿದೆ ಅಂತ ಹುಡುಕಬೇಕು. ಜಠರ ಮತ್ತು ದೊಡ್ಡ ಕರುಳು ಎರಡನ್ನೂ ಎಂಡೋಸ್ಕೋಪಿಯಲ್ಲಿ ನೋಡಬೇಕಾಗಬಹುದು. ನೀವಾಗಿ ಕೊಟ್ಟ ಮಾತ್ರೆಯಿಂದ ಹಿಮೋಗ್ಲೋಬಿನ್ ಒಂದಷ್ಟು ಏರಿ, ಕಾರಣ ಮಾತ್ರ ಹಾಗೇ ಉಳಿದುಬಿಟ್ಟರೆ ಅದು ದೊಡ್ಡ ನಷ್ಟ. ಅಲ್ಲಿಯವರೆಗೆ ನೋವಿನ ಮಾತ್ರೆ ಮುಂದುವರಿಸಬೇಕಾ ಅಂತಲೂ ಡಾಕ್ಟರನ್ನು ಕೇಳಿ.

ಮತ್ತೊಬ್ಬ ಸದಸ್ಯರು: ಅಯ್ಯೋ, ಮುಂಚೆಯಿಂದಲೇ ಸ್ವಲ್ಪ ಕಪ್ಪು ಅಂತಿದ್ದಾರೆ. ನಾಳೆ ಬೆಳಿಗ್ಗೆ ಹೊರಡ್ತೀವಿ.

ಫಾರ್ಮಸಿಸ್ಟ್: ಒಂದು ಅನುಮಾನ ಮೇಡಂ. ದಿನ ಬಿಟ್ಟು ದಿನ ಕೊಡಬೇಕು ಅಂತ ಈಗ ಕೆಲವರು ಬರೆಯುತ್ತಿದ್ದಾರೆ. ಇವರಿಗೆ ಯಾವುದು ಸರಿ?

ವೈದ್ಯೆ: ಇದು ಇನ್ನೂ ಪೂರ್ತಿ ಇತ್ಯರ್ಥ ಆಗಿಲ್ಲ. ಒಂದು ಮಾತ್ರೆ ನುಂಗಿದ ಮೇಲೆ ಯಕೃತ್ತು ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಬಿಡುತ್ತದೆ. ಅದು ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಸ್ವಲ್ಪ ಮುಚ್ಚಿಡುತ್ತದೆ. ಹಾಗಾಗಿ ದಿನ ಬಿಟ್ಟು ದಿನ ಕೊಟ್ಟರೆ ಪ್ರತಿ ಮಾತ್ರೆಯಿಂದ ಹೆಚ್ಚು ಕಬ್ಬಿಣ ಸಿಗುತ್ತದೆ. ಆದರೆ ಮಾತ್ರೆಗಳ ಸಂಖ್ಯೆ ಅರ್ಧ ಆಗುವುದರಿಂದ ಒಟ್ಟು ಲಾಭ ಜಾಸ್ತಿಯೇ ಅಂತ ಹೇಳಲು ಬರುವುದಿಲ್ಲ. ದಿನಕ್ಕೆ ಎರಡು ಮೂರು ಮಾತ್ರೆ ಮಾತ್ರ ದಂಡ. ಹೊಟ್ಟೆ ತೊಳಸುವುದು, ಮಲಬದ್ಧತೆ ಹೆಚ್ಚುತ್ತದೆ ಅಷ್ಟೆ. ಇವರಿಗೆ ದಿನಕ್ಕೊಂದು ಒಗ್ಗಿದೆ, ಏರಿದೆ, ಅದನ್ನೇ ಮುಂದುವರಿಸಲಿ. ತೊಂದರೆ ಕೊಟ್ಟರೆ ದಿನ ಬಿಟ್ಟು ದಿನ ಮಾಡಿಕೊಳ್ಳಲಿ. ಪೂರ್ತಿ ನಿಲ್ಲಿಸುವುದಕ್ಕಿಂತ ಅದು ಎಷ್ಟೋ ಮೇಲು.

ಪ್ರಶ್ನೆ ಕೇಳಿದವರು: ಮೂರು ತಿಂಗಳಾದ ಮೇಲೆ ಯಾವ ಟೆಸ್ಟ್ ಮಾಡಿಸಲಿ?

ವೈದ್ಯೆ: ಹಿಮೋಗ್ಲೋಬಿನ್ ಜೊತೆ ಫೆರಿಟಿನ್. ಜ್ವರ, ಸೋಂಕು ಇರುವಾಗ ಮಾಡಿಸಬೇಡಿ, ಆಗ ಫೆರಿಟಿನ್ ಸುಳ್ಳಾಗಿ ಜಾಸ್ತಿ ತೋರಿಸುತ್ತದೆ. 30ಕ್ಕಿಂತ ಕಡಿಮೆ ಇದ್ದರೆ ದಾಸ್ತಾನು ಇನ್ನೂ ತುಂಬಿಲ್ಲ, ಮುಂದುವರಿಸಬೇಕು. 50 ದಾಟಿದ್ದರೆ ನಾನಾದರೆ ನಿಲ್ಲಿಸುತ್ತೇನೆ. ಅದರ ನಡುವೆ ಬಂದರೆ ನಿಮ್ಮ ಮುಟ್ಟಿನ ಪ್ರಮಾಣ ನೋಡಿ ತೀರ್ಮಾನ. ನಿಲ್ಲಿಸಿದ ಮೇಲೂ ಒಂದು ವರ್ಷ, ಮೂರರಿಂದ ಆರು ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ನೋಡಿಸಿ.

ಈ ನಡುವೆ ಸ್ತ್ರೀರೋಗ ತಜ್ಞರನ್ನು ಕಂಡು ಆ ರಕ್ತಸ್ರಾವಕ್ಕೆ ಏನಾದರೂ ಮಾಡಿ. ತಿಂಗಳಿಗೆ 80 ಮಿ.ಲೀ.ಗಿಂತ ಜಾಸ್ತಿ ಹೋಗುತ್ತಿದ್ದರೆ ಊಟದ ಕಬ್ಬಿಣ ಒಂದರಿಂದಲೇ ಸರಿದೂಗಿಸುವುದು ಕಷ್ಟ.

ಪ್ರಶ್ನೆ ಕೇಳಿದವರು: ಅದಕ್ಕೆ ಹಾರ್ಮೋನ್ ಮಾತ್ರೆ ಕೊಡ್ತಾರೆ ಅಂತ ಭಯಕ್ಕೆ ಹೋಗಿರಲಿಲ್ಲ ಮೇಡಂ.

ವೈದ್ಯೆ: ಹಾರ್ಮೋನ್ ಅಲ್ಲದ ದಾರಿಗಳೂ ಇವೆ. ಮುಟ್ಟಿನ ದಿನಗಳಲ್ಲಿ ಮಾತ್ರ ತಗೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ ಕೇಳಿ. ಹಿಂದೆ ಯಾವಾಗಾದರೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಮೊದಲೇ ಹೇಳಿಬಿಡಿ, ಆಗ ಆ ಮಾತ್ರೆ ಕೊಡುವುದಿಲ್ಲ.