ದೊಡ್ಡಪ್ಪ ತೀರಿಕೊಂಡಿದ್ದಾರೆ, ನಾಳೆ ಸಂದರ್ಶನವಿದೆ: ಎಷ್ಟು ಹೇಳಬೇಕು?

ಪ್ರಶ್ನೆ (4ನೇ ತಾರೀಖು, ಮಂಗಳವಾರ ರಾತ್ರಿ): ನಾಳೆ ಬೆಳಿಗ್ಗೆ 11ಕ್ಕೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಎರಡನೇ ಸುತ್ತಿನ ಸಂದರ್ಶನವಿದೆ. ಇಂದು ಸಂಜೆ ತೀರ್ಥಹಳ್ಳಿಯಲ್ಲಿ ದೊಡ್ಡಪ್ಪ ತೀರಿಕೊಂಡರು. ನಾನು ಬೆಳೆದದ್ದು ಅವರ ಮನೆಯಲ್ಲಿಯೇ. ರಾತ್ರಿ ಬಸ್ಸಿಗೆ ಹೊರಡುತ್ತಿದ್ದೇನೆ. ಇಂಗ್ಲಿಷಿನಲ್ಲಿ 'ಅಂಕಲ್' ಎಂದು ಬರೆದರೆ ದೂರದ ಸಂಬಂಧಿ ಎಂದುಕೊಳ್ಳುತ್ತಾರೆ. ಎಲ್ಲವನ್ನೂ ವಿವರಿಸಬೇಕೇ?

ಸಾಫ್ಟ್‌ವೇರ್ ಉದ್ಯೋಗಿ: ಜ್ವರ ಎಂದುಬಿಡಿ, ಯಾರೂ ಪ್ರಶ್ನೆ ಕೇಳುವುದಿಲ್ಲ. ಇಮೇಲ್ ಒಂದೇ ಸಾಕು, ಬರಹದಲ್ಲಿ ಇದ್ದರೆ ಸಾಕ್ಷಿ ಇರುತ್ತದೆ.

ನೇಮಕಾತಿ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಇರುವವರು: ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ. ಸಂಬಂಧವನ್ನು ಹೆಸರಿಸಲೇಬೇಡಿ. 'ಕುಟುಂಬದಲ್ಲಿ ಸಾವಾಗಿದೆ' ಎಂದರೆ ಸಾಕು, ಅದರಲ್ಲಿ ಸುಳ್ಳೇನೂ ಇಲ್ಲ. 'ಅಂಕಲ್' ಎಂದು ಬರೆದ ಕೂಡಲೇ ಅವರು ನನಗೆ ತಂದೆಯಂತಿದ್ದರು ಎಂದು ಸಮರ್ಥಿಸಿಕೊಳ್ಳಬೇಕೆನಿಸುತ್ತದೆ, ಎರಡು ಸಾಲಿನ ಪತ್ರ ಎರಡು ಪುಟವಾಗುತ್ತದೆ. ನೀವು ಬರೆದದ್ದನ್ನು ನಮ್ಮಂಥವರು ಸಂದರ್ಶಕರಿಗೆ ಹಾಗೆಯೇ ಕಳುಹಿಸಿಬಿಡುವುದುಂಟು. ಮುಂದಿನ ಸಲ ನೀವು ಎದುರಿಗೆ ಕುಳಿತಾಗ ಅಪರಿಚಿತರೊಬ್ಬರು ಮಾತನ್ನು ಅಲ್ಲಿಂದಲೇ ಆರಂಭಿಸಬಹುದು. ಆ ಹೊತ್ತಿನಲ್ಲಿ ಅದನ್ನು ತಡೆದುಕೊಳ್ಳುವುದು ಕಷ್ಟ.

ಜ್ವರ ಎನ್ನುವ ಸಲಹೆ ಬೇಡ. ಜ್ವರಕ್ಕೆ ನಾವು ಎರಡು ದಿನ ಬಿಟ್ಟು ಶುಕ್ರವಾರದ ಸಮಯ ಕೊಡುತ್ತೇವೆ. ಆಗ ನೀವು ಊರಲ್ಲೇ ಇರುತ್ತೀರಿ, ಮತ್ತೊಂದು ಸುಳ್ಳು ಹೇಳಬೇಕಾಗುತ್ತದೆ.

ಇಮೇಲ್ ಬೇಕು ಎಂಬುದು ಸರಿ, ಅದೊಂದೇ ಸಾಲದು. ಬಸ್ಸು ಹತ್ತುವ ಮೊದಲೇ, ಸಂದರ್ಶನದ ಆಹ್ವಾನ ಬಂದ ಇಮೇಲಿಗೇ ಉತ್ತರವಾಗಿ ಇಷ್ಟು ಬರೆಯಿರಿ:

"ನಮ್ಮ ಕುಟುಂಬದಲ್ಲಿ ಸಾವಾಗಿದೆ, ಊರಿಗೆ ಹೊರಟಿದ್ದೇನೆ. ನಾಳೆ 5ನೇ ತಾರೀಖು 11 ಗಂಟೆಯ ಸಂದರ್ಶನಕ್ಕೆ ಬರಲಾಗುವುದಿಲ್ಲ. ಈ ಹುದ್ದೆಯಲ್ಲಿ ನನಗೆ ಆಸಕ್ತಿ ಇದೆ. 17ನೇ ತಾರೀಖು ಸೋಮವಾರದಿಂದ ಯಾವ ದಿನವಾದರೂ ಬರಬಲ್ಲೆ. ಅದಕ್ಕೂ ಮೊದಲೇ ಮುಗಿಸಬೇಕಿದ್ದರೆ ದಯವಿಟ್ಟು ತಿಳಿಸಿ."

ಹದಿಮೂರನೆಯ ದಿನ 16ಕ್ಕೆ ಬೀಳುತ್ತದೆ, ಅದಕ್ಕೇ 17 ಎಂದೆ. ಆಚರಣೆಯ ವಿವರ ಬೇಡ, ತಾರೀಖು ಸಾಕು. ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ. ಹುದ್ದೆ ತುರ್ತಿನದಾದರೆ ನಿಮ್ಮನ್ನು ಕೇಳದೆಯೇ ಬೇರೆಯವರನ್ನು ತೆಗೆದುಕೊಳ್ಳುವುದನ್ನು ಅದು ಕೆಲವೊಮ್ಮೆ ತಡೆಯುತ್ತದೆ. ಯಾವಾಗಲೂ ತಡೆಯುತ್ತದೆ ಎನ್ನಲಾರೆ.

ಬೆಳಿಗ್ಗೆ ಒಂಬತ್ತರೊಳಗೆ ಫೋನ್ ಮಾಡಿ. ರಾತ್ರಿ ಬಂದ ಇಮೇಲನ್ನು ನಾವು ಹತ್ತು ಗಂಟೆಗೆ ತೆರೆಯುತ್ತೇವೆ, ಅಷ್ಟರಲ್ಲಿ ಸಂದರ್ಶಕರು ಬೇರೆ ಕೆಲಸ ಬಿಟ್ಟು ಸಿದ್ಧರಾಗಿರುತ್ತಾರೆ. ಫೋನಿನಲ್ಲಿಯೂ ಆ ಐದು ವಾಕ್ಯಗಳೇ ಸಾಕು. ಮಾತನಾಡಲಾಗದಿದ್ದರೆ ತಮ್ಮನೋ ಗೆಳೆಯನೋ ಕರೆ ಮಾಡಲಿ. ಕ್ಯಾಲೆಂಡರಿನಲ್ಲಿ 'ಬರುವುದಿಲ್ಲ' ಎಂದು ಒತ್ತಿ ಸುಮ್ಮನಾಗಬೇಡಿ, ಹುದ್ದೆಯೇ ಬೇಡ ಎಂದಿರಿ ಎಂದು ತಿಳಿದುಕೊಳ್ಳುತ್ತಾರೆ. ಕನ್ಸಲ್ಟೆನ್ಸಿಯ ಮೂಲಕ ಹೋಗಿದ್ದರೆ ಇಬ್ಬರಿಗೂ ತಿಳಿಸಿ. ಏಜೆಂಟರು ಸುದ್ದಿ ಮುಟ್ಟಿಸದೆ, ಅಭ್ಯರ್ಥಿ 'ಬರಲಿಲ್ಲ' ಎಂದು ದಾಖಲಾಗಿದ್ದನ್ನು ಕಂಡಿದ್ದೇನೆ.

ಮೈಸೂರಿನ ಶಿಕ್ಷಕಿ: ನನಗೆ ಡೆಂಗ್ಯೂ ಆದಾಗ ನಂಬುವುದಿಲ್ಲವೇನೋ ಎಂದು ಡ್ರಿಪ್ ಹಾಕಿದ ಕೈಯ ಫೋಟೊ, ರಕ್ತಪರೀಕ್ಷೆಯ ವರದಿ ಎರಡನ್ನೂ ಕಳುಹಿಸಿದ್ದೆ. ಇವರೂ ಮರಣ ಪ್ರಮಾಣಪತ್ರ ಕಳುಹಿಸಬೇಕಾಗುತ್ತದೆಯೇ?

ನೇಮಕಾತಿಯವರು: ಬೇಡ ಮೇಡಂ. ಮರಣವನ್ನು ನೋಂದಾಯಿಸಲು 21 ದಿನಗಳ ಕಾಲಾವಕಾಶವಿದೆ, ಮರುದಿನ ಬೆಳಿಗ್ಗೆ ಆ ಪತ್ರ ಯಾರ ಕೈಯಲ್ಲೂ ಇರುವುದಿಲ್ಲ. ಕೇಳಿದರೆ 'ಇನ್ನೂ ಆಗಿಲ್ಲ' ಎಂದರಾಯಿತು. ಕಾಯಿಲೆಗೂ ಅಷ್ಟೇ: 'ಅನಾರೋಗ್ಯವಾಗಿದೆ, ವೈದ್ಯರು ಒಂದು ವಾರ ವಿಶ್ರಾಂತಿ ಹೇಳಿದ್ದಾರೆ.' ರೋಗದ ಹೆಸರೂ ವರದಿಯೂ ಅವರಿಗೆ ಬೇಕಿಲ್ಲ, ಎಂದಿನಿಂದ ಬರಬಲ್ಲಿರಿ ಎಂಬುದು ಬೇಕು.

ಸಾಗರದ ಹಿರಿಯರೊಬ್ಬರು: ಸೂತಕ ಹತ್ತು ದಿನಕ್ಕೇ ಕಳೆಯುತ್ತದೆ. ಕರ್ಮ ಮಾಡುವವನು ಅವರ ಮಗ, ಈ ಹುಡುಗನಲ್ಲ. ಹನ್ನೆರಡನೆಯ ದಿನವೇ ಬಂದು ಸಂದರ್ಶನ ಕೊಡಬಹುದಿತ್ತು. ಹದಿಮೂರರವರೆಗೆ ಏಕೆ ಕಾಯಬೇಕು?

ನೇಮಕಾತಿಯವರು: ಅದನ್ನು ಅವರ ಮನೆಯವರು ತೀರ್ಮಾನಿಸಲಿ. ನಾನು ಹೇಳುವುದು, ಯಾವ ತಾರೀಖು ಬರೆದರೂ ಅದನ್ನು ಮತ್ತೆ ಬದಲಿಸಬೇಡಿ ಎಂದು. ಮೊದಲ ಬದಲಾವಣೆಯನ್ನು ಎಲ್ಲರೂ ಒಪ್ಪುತ್ತಾರೆ, ಎರಡನೆಯದನ್ನು ಒಪ್ಪುವವರು ಕಡಿಮೆ.

ಕೇಳಿದವರು (ಬುಧವಾರ ಮಧ್ಯಾಹ್ನ): ರಾತ್ರಿಯೇ ಇಮೇಲ್ ಕಳುಹಿಸಿದ್ದೆ. ಬೆಳಿಗ್ಗೆ ಎಂಟೂವರೆಗೆ ತಮ್ಮ ಫೋನ್ ಮಾಡಿದ, ನನಗೆ ಧ್ವನಿ ಬರುತ್ತಿರಲಿಲ್ಲ. ಕಂಪನಿಯಲ್ಲಿ ಫೋನ್ ಎತ್ತಿದಾಕೆ 'ಯಾರು ತೀರಿಕೊಂಡರು' ಎಂದು ಕೇಳಿದರಂತೆ. 'ಮನೆಯ ಹಿರಿಯರು' ಎಂದನಂತೆ. ಸಂದರ್ಶಕರನ್ನು ಕೇಳಿ ಹೊಸ ದಿನ ತಿಳಿಸುತ್ತೇನೆ ಎಂದಿದ್ದಾರೆ, ಇನ್ನೂ ತಿಳಿಸಿಲ್ಲ. ಸಂಸ್ಕಾರ ಮುಗಿಯಿತು.