ಅಪ್‌ಡೇಟ್: ಪಂಪ್ ಪ್ಲೇಟಿನಲ್ಲಿ 12 ಸಾವಿರ ಲೀಟರ್, ಟ್ಯಾಂಕಿಗೆ ಬರೋದು 9 ಸಾವಿರ

ನಾನು ಕೇಳಿದ್ದು: "ಪ್ಲೇಟಿನಲ್ಲಿ 30 ಮೀಟರ್ ಹೆಡ್‌ಗೆ ಗಂಟೆಗೆ 12 ಸಾವಿರ ಲೀಟರ್ ಅಂತಿದೆ, 9 ಸಾವಿರ ಮಾತ್ರ ಏರುತ್ತಿದೆ. ಪಂಪ್ ಹಾಳಾಗಿದೆಯಾ?"

ಪಂಪ್ ಚೆನ್ನಾಗಿದೆ. ಡೆಲಿವರಿ ವಾಲ್ವ್ ಸ್ವಲ್ಪ ಹೊತ್ತು ಮುಚ್ಚಿ ನೋಡಿದಾಗ ಗೇಜ್ 36 ಮೀಟರ್ ತೋರಿಸಿತು, ಎಷ್ಟು ಹರಿವಿಗೆ ಪಂಪ್ ಎಷ್ಟು ಹೆಡ್, ಅಂದರೆ ಎಷ್ಟು ಎತ್ತರಕ್ಕೆ ತಳ್ಳುವ ಒತ್ತಡ ಕೊಡುತ್ತದೆ ಅಂತ ತೋರಿಸುವ ಕಂಪನಿ ಕರ್ವ್‌ನಲ್ಲೂ ಅಷ್ಟೇ ಇದೆ. ಇಂಪೆಲ್ಲರ್ ಸವೆದಿದ್ದರೆ ಇದು ಕಡಿಮೆ ಬರುತ್ತಿತ್ತು. ವಾಲ್ವ್ ಪೂರ್ತಿ ತೆರೆದಾಗ 9 ಸಾವಿರಕ್ಕೆ 32.6 ಮೀಟರ್, ಅದೂ ಕರ್ವ್ ಮೇಲೇ ಕೂರುತ್ತದೆ.

ಆಮೇಲೆ ಎಷ್ಟು ಹರಿವಿಗೆ ಪೈಪ್ ಎಷ್ಟು ಹೆಡ್ ಕೇಳುತ್ತದೆ ಅನ್ನೋ ಪೈಪಿನ ಕರ್ವ್ ಬರೆದೆ. ಸಂಪಿನ ನೀರಿನಿಂದ ಟ್ಯಾಂಕಿನ ಬಾಯಿಗೆ ಎತ್ತರ 20 ಮೀಟರ್, ಹಾಗಾಗಿ ಉಳಿದ 12.6 ಮೀಟರ್ ಬರೀ ಪೈಪಿನ ಘರ್ಷಣೆ. ಅದು ಹರಿವಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಲ್ವಾ, ಅಂದರೆ:

```
H = 20 + 0.156 × Q²
```

H ಬೇಕಾಗುವ ಹೆಡ್, ಮೀಟರ್‌ಗಳಲ್ಲಿ; Q ಹರಿವು, ಸಾವಿರ ಲೀಟರ್‌ಗಳಲ್ಲಿ, ಗಂಟೆಗೆ. ಇಲ್ಲಿ 12 ಹಾಕಿದರೆ 42 ಮೀಟರ್ ಬೇಕು, ಪಂಪ್ ಅಲ್ಲಿ ಕೊಡೋದು 30, ಆದ್ದರಿಂದ ಎರಡು ಗೆರೆಗಳು 9ರಲ್ಲೇ ಸೇರುತ್ತವೆ, ಸುಮ್ನೆ ದೊಡ್ಡ ಪಂಪ್ ತಂದಿದ್ದರೆ ಜಾಸ್ತಿ ಕರೆಂಟ್ ಘರ್ಷಣೆಗೇ ಹೋಗುತ್ತಿತ್ತು.

40 ಮಿಲಿಮೀಟರ್ ಪೈಪ್ ತೆಗೆದು 50 ಹಾಕಿಸಿದೆವು. ಘರ್ಷಣೆ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಹೊಸ ಛೇದನ ಲೆಕ್ಕದಲ್ಲಿ 13 ಸಾವಿರ, 29 ಮೀಟರ್ ಹತ್ತಿರ. ಬಂದದ್ದು 12.5 ಸಾವಿರ, ಹಳೇ ಎಲ್ಬೋಗಳು ಕೆಲವು ಹಾಗೇ ಇವೆ. ಹರಿವು ಹೆಚ್ಚಿದಾಗ ಮೋಟಾರ್ ಆಂಪ್ಸ್ ಕೂಡ ಏರುತ್ತದೆ, ನಮ್ಮದು ಪ್ಲೇಟಿನ ಮಿತಿಯೊಳಗಿದೆ. ಸಂಪು ಖಾಲಿಯಾಗುತ್ತಾ ಬಂದರೆ ಹರಿವು ತುಸು ಇಳಿಯುತ್ತದೆ, ಎತ್ತರ ಹೆಚ್ಚಾಯಿತಲ್ಲ.